ಅಮಲ್ದಾರ ಒಬ್ಬ ಹುಡುಗ: ಈಸೂರನ್ನು ಮಕ್ಕಳಿಗೆ ಹೇಳುವ ಬಗೆ

ಈಸೂರಿನ ಕಥೆ ಹೇಳಲು ಹೊರಟವರು ಹೆಚ್ಚಾಗಿ ಮುಂಬಯಿಯಿಂದ ಶುರು ಮಾಡುತ್ತಾರೆ. 1942ರ ಆಗಸ್ಟ್ 8, ಕಾಂಗ್ರೆಸ್ ಅಧಿವೇಶನ, ಕ್ವಿಟ್ ಇಂಡಿಯಾ ನಿರ್ಣಯ. ಇತಿಹಾಸದ ಕ್ರಮ ಸರಿಯೇ. ಆದರೆ ಆರನೇ ತರಗತಿಯ ಹುಡುಗಿಗೆ ಅಧಿವೇಶನವೂ ನಿರ್ಣಯವೂ ದೊಡ್ಡವರ ಮಾತು. ಎರಡನೇ ನಿಮಿಷಕ್ಕೆ ಅವಳು ಪಕ್ಕದವಳ ಜಡೆ ಎಳೆಯುತ್ತಿರುತ್ತಾಳೆ. ಅವಳು ಕಿವಿಗೊಡುವ ಸಂಗತಿ ಈ ಕಥೆಯ ನಡುವೆ ಇದೆ, ಅದನ್ನು ಮೊದಲಿಗೆ ತರಬೇಕು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿಯವರು ಆ ವರ್ಷದ ಸೆಪ್ಟೆಂಬರಿನಲ್ಲಿ ‘ನಾವು ಸ್ವತಂತ್ರರು’ ಎಂದು ಸಾರಿಕೊಂಡು ತಮ್ಮದೇ ಸರ್ಕಾರ ಕಟ್ಟಿದಾಗ, ಅದರ ಅಮಲ್ದಾರನನ್ನಾಗಿ ಮಾಡಿದ್ದು ಜಯಣ್ಣ ಎಂಬ ಹುಡುಗನನ್ನು. ಸಬ್‌ಇನ್‌ಸ್ಪೆಕ್ಟರ್ ಆದವನು ಮಲ್ಲಪ್ಪ, ಅವನೂ ಹುಡುಗನೇ. ಚಿಕ್ಕವರನ್ನು ಜೈಲಿಗೆ ಹಾಕಲಾರರು ಎಂಬುದು ಹಿರಿಯರ ಲೆಕ್ಕಾಚಾರವಾಗಿತ್ತು ಎನ್ನುತ್ತಾರೆ.

ಇಷ್ಟು ಕೈಯಲ್ಲಿದ್ದರೆ ಮೊದಲ ನಿಲುಗಡೆ ಎಲ್ಲಿ ಬರಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಕಥೆ ಹೇಳುವವರು ತಮ್ಮ ಹಾಳೆಯಲ್ಲಿ ಗೆರೆ ಹಾಕಿಕೊಳ್ಳುವುದುಂಟು. ಒಂದು ಗೆರೆಯೆಂದರೆ ಒಂದು ಉಸಿರಿನಷ್ಟು ತಡೆ, ಎರಡು ಗೆರೆಯೆಂದರೆ ಮನಸ್ಸಿನಲ್ಲಿ ಮೂರು ಎಣಿಸುವಷ್ಟು. ಹೀಗೆ:

‘ಊರಿಗೆ ಸರ್ಕಾರ ಬಂತು. ಸರ್ಕಾರ ಅಂದಮೇಲೆ ಅಮಲ್ದಾರ ಬೇಕಲ್ಲ? | ಈಗಿನ ತಹಶೀಲ್ದಾರ್ ಇದ್ದ ಹಾಗೆ. ಹಿರಿಯರೆಲ್ಲ ಸೇರಿ ಆ ಕುರ್ಚಿಗೆ ಕರೆದದ್ದು || ನಿಮ್ಮಂಥ ಒಬ್ಬ ಹುಡುಗನನ್ನ.’

ಇದೇ ಮಾತನ್ನು ‘ಜಯಣ್ಣ ಎಂಬ ಹುಡುಗನನ್ನು ಅಮಲ್ದಾರನನ್ನಾಗಿ ನೇಮಿಸಿದರು’ ಎಂದು ಹೇಳಿ ನೋಡಿ. ಗುಟ್ಟು ಮೂರನೇ ಪದಕ್ಕೇ ಬಯಲಾಯಿತು, ಇನ್ನು ಎಷ್ಟು ಹೊತ್ತು ಸುಮ್ಮನಿದ್ದರೂ ಪ್ರಯೋಜನವಿಲ್ಲ. ಮಾತಿನಲ್ಲಿ ಯಾವುದನ್ನು ಕೊನೆಗೆ ಇಟ್ಟಿದ್ದೇವೋ ಅದರ ಹಿಂದೆ ಮಾತ್ರ ಮೌನ ನಿಲ್ಲುತ್ತದೆ. ಕನ್ನಡದ ವಾಕ್ಯ ಇದಕ್ಕೆ ಒಳ್ಳೆಯ ಅನುಕೂಲ ಮಾಡಿಕೊಡುತ್ತದೆ. ಬಂದು, ನಿಂತು, ಕೈ ಚಾಚಿ ಎಂದು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು, ಮುಗಿಯುವ ಕ್ರಿಯಾಪದ ಬರುವ ತನಕ ಕೇಳುವವರು ಕಾಯುತ್ತಲೇ ಇರುತ್ತಾರೆ. ಹರಿಕಥೆಯ ದಾಸರು ಇದನ್ನು ಚೆನ್ನಾಗಿ ಬಲ್ಲರು. ತೊಂದರೆ ಎಂದರೆ, ನಿಲ್ಲಿಸುವಾಗ ದನಿಯನ್ನು ಕೆಳಗಿಳಿಸಬಾರದು. ದನಿ ಇಳಿದರೆ ಮಕ್ಕಳಿಗೆ ಭಾಷಣ ಮುಗಿಯಿತು ಅನ್ನಿಸುತ್ತದೆ, ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡುತ್ತಾರೆ, ಉಳಿದವರು ಸೇರಿಕೊಳ್ಳುತ್ತಾರೆ. ಒಮ್ಮೆ ಎದ್ದ ಚಪ್ಪಾಳೆಯನ್ನು ತಡೆದು ‘ಇನ್ನೂ ಇದೆ’ ಎನ್ನುವವರ ಪಾಡು ನೋಡಲಾಗದು.

ಹುಡುಗ ಅಮಲ್ದಾರನಾದ ಮೇಲೆ ಮಕ್ಕಳು ನಗುತ್ತಾರೆ. ನಗಲಿ. ಅದೇ ನಗುವಿನಲ್ಲಿ ಊರಿನ ಉಳಿದ ಸಂಗತಿಗಳನ್ನು ಬೇಗ ಬೇಗ ಹೇಳಿಬಿಡಬೇಕು: ಸಾಹುಕಾರ್ ಬಸವಣ್ಣಪ್ಪನವರಂಥ ಹಿರಿಯರು ಮುಂದಾಳಾಗಿ ನಿಂತದ್ದು, ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಏರಿದ್ದು, ಸರ್ಕಾರಿ ಅಧಿಕಾರಿಗಳು ಒಳಗೆ ಬರಕೂಡದೆಂದು ಊರ ಬಾಗಿಲಿಗೆ ಫಲಕ ಹಾಕಿದ್ದು, ಕಂದಾಯ ಕೊಡುವುದಿಲ್ಲವೆಂದು ಲೆಕ್ಕದ ಪುಸ್ತಕಗಳನ್ನೇ ಕಿತ್ತುಕೊಂಡದ್ದು. ಇಲ್ಲಿ ತಡೆಗಳು ಬೇಡ. ಎಲ್ಲ ಕಡೆಯೂ ನಾಟಕೀಯವಾಗಿ ನಿಲ್ಲುತ್ತಾ ಹೋದರೆ ಎಲ್ಲೂ ನಿಂತಂತಾಗುವುದಿಲ್ಲ. ಇಪ್ಪತ್ತೈದು ನಿಮಿಷದ ಕಥೆಯಲ್ಲಿ ಎರಡು ಗೆರೆಯ ತಡೆ ಆರೇಳು ಸಾಕು, ಅದಕ್ಕಿಂತ ಉದ್ದದ್ದು ಒಂದೇ ಒಂದು.

ಮುಂದಿನದು ಕಷ್ಟದ ಭಾಗ. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು ಊರಿಗೆ ಬಂದರು. ಅವರ ಹೆಸರು ಚನ್ನಕೃಷ್ಣಪ್ಪ. ಜೊತೆಗೆ ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡ, ಕೆಲವು ಪೊಲೀಸರು. ಇಲ್ಲಿಗೆ ಬಂದಾಗ ಎಷ್ಟೋ ಜನ ‘ಬ್ರಿಟಿಷರು ಬಂದರು’ ಎಂದುಬಿಡುತ್ತಾರೆ, ಮಕ್ಕಳ ಕಣ್ಣ ಮುಂದೆ ಸಿನಿಮಾದ ಕೆಂಪು ಮುಖದ ಸಿಪಾಯಿಗಳು ಬಂದು ನಿಲ್ಲುತ್ತಾರೆ. ಈಸೂರು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಬಂದವರು ಮಹಾರಾಜರ ಸರ್ಕಾರದ ನೌಕರರು, ಕನ್ನಡದವರು, ಊರಿನವರು ಆಡುವ ಮಾತನ್ನೇ ಆಡುವವರು. ಇದನ್ನು ಮುಚ್ಚಿಟ್ಟರೆ ಕಥೆ ಸುಲಭವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಹೇಳಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಆ ಗೊಂದಲಕ್ಕೆ ಜಾಗ ಕೊಡುವುದಕ್ಕೇ ಇಲ್ಲಿ ಎರಡು ಗೆರೆ: ‘ಬಂದವರು ಪರದೇಶದವರಲ್ಲ. || ನಮ್ಮವರೇ.’

ಊರಿನವರು ಅಧಿಕಾರಿಗಳಿಗೆ ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಒತ್ತಾಯಿಸಿದರು. ಇಲ್ಲಿ ಮಕ್ಕಳು ಇನ್ನೊಮ್ಮೆ ನಗುತ್ತಾರೆ, ಮತ್ತು ಹೇಳುವವರು ಆ ನಗುವನ್ನು ಬೆಳೆಸಬಾರದು, ಯಾಕೆಂದರೆ ಕೆಲವೇ ವಾಕ್ಯಗಳಲ್ಲಿ ಇಬ್ಬರು ಸಾಯುತ್ತಾರೆ. ಮಾತಿಗೆ ಮಾತು ಬೆಳೆಯಿತು, ಘರ್ಷಣೆಯಾಯಿತು, ಗುಂಡು ಹಾರಿತು, ಜನ ರೊಚ್ಚಿಗೆದ್ದರು, ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಹೊಡೆತಕ್ಕೆ ಸಿಕ್ಕಿ ಸತ್ತರು. ಇಷ್ಟನ್ನೂ ಒಂದೇ ಉಸಿರಿನಲ್ಲಿ, ದನಿ ಏರಿಸದೆ, ಕೈ ಬೀಸದೆ ಹೇಳಬೇಕು. ಮಾತಿನಲ್ಲಿ ರಕ್ತ ಹರಿಸುವ ಆಸೆ ಬರುತ್ತದೆ. ಹಿಂದಿನ ಬೆಂಚಿನ ಹುಡುಗರು ಅದನ್ನೇ ಕಾಯುತ್ತಿರುತ್ತಾರೆ ಕೂಡ. ಕೊಟ್ಟರೆ ಅವರು ಮನೆಗೆ ಒಯ್ಯುವುದು ಆ ಹೊಡೆದಾಟವೊಂದನ್ನೇ.

ಆ ವಾಕ್ಯ ಮುಗಿದ ಮೇಲೆ ಬರುವುದು ಇಡೀ ಕಥೆಯ ಉದ್ದನೆಯ ತಡೆ. ಮೊದಲಿನವೆಲ್ಲ ಮಾತಿನ ಮುಂಚೆ ಬಂದವು, ಏನಾಗುತ್ತದೋ ಎಂದು ಕಾಯಿಸುವುದಕ್ಕೆ. ಇದು ಮಾತಾದ ನಂತರದ್ದು, ಆದದ್ದು ತಲೆಗೆ ಇಳಿಯುವುದಕ್ಕೆ. ಐದಾರು ಸೆಕೆಂಡು ಸಾಕು, ಆದರೆ ಹೇಳುವವರಿಗೆ ಅದು ಅರ್ಧ ಗಂಟೆಯಂತೆ ಕಾಣುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಮೌನ ಸಹಿಸಲಾಗದೆ ಹಾಳೆಯತ್ತ ನೋಡುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ, ಮೈಕಿನ ಕುತ್ತಿಗೆ ತಿರುಗಿಸುತ್ತಾರೆ. ಕಣ್ಣು ಹಾಳೆಗೆ ಹೋಯಿತೆಂದರೆ ಮಕ್ಕಳಿಗೆ ಅದು ‘ಮರೆತುಹೋಗಿದೆ’ ಎಂದು ಕಾಣುತ್ತದೆಯೇ ಹೊರತು ತಡೆಯಂತಲ್ಲ. ಹಾಗಾಗಿ ಈ ಭಾಗವನ್ನು ಬಾಯಿಪಾಠ ಮಾಡಿಕೊಂಡು, ಕೊನೆಯ ಸಾಲಿನ ಯಾವುದಾದರೂ ಒಂದು ಮುಖದ ಮೇಲೆ ಕಣ್ಣಿಟ್ಟು ನಿಲ್ಲುವುದು ಕ್ಷೇಮ. ತಡೆ ಫಲಿಸಿತೋ ಇಲ್ಲವೋ ತಿಳಿಯಲು ಕಾಲು ನೋಡಬೇಕು. ನೆಲದ ಮೇಲೆ ಕೂತ ಮಕ್ಕಳ ಪಾದದ ಅಲ್ಲಾಟ ನಿಂತಿದ್ದರೆ ಕಥೆ ತಲುಪಿದೆ. ಮುಖ ನಂಬಬೇಡಿ, ಮೇಷ್ಟರ ಭಯಕ್ಕೆ ಮುಖ ಯಾವಾಗಲೂ ಗಂಭೀರವಾಗಿಯೇ ಇರುತ್ತದೆ.

ಅಂದಹಾಗೆ, ಇದಕ್ಕೆ ಜಾಗವೂ ಬೇಕು. ಧ್ವಜಾರೋಹಣ ಆದಮೇಲೆ ಬಿಸಿಲಲ್ಲಿ ನಿಂತ ಮಕ್ಕಳಿಗೆ, ಲಡ್ಡು ಕಣ್ಣಿಗೆ ಕಾಣುತ್ತಿರುವಾಗ, ಈ ಕಥೆ ಹೇಳಬಾರದು. ಬಯಲಿನ ಧ್ವನಿವರ್ಧಕದಲ್ಲಿ ಮೌನವೂ ಗುಂಯ್‌ಗುಡುತ್ತದೆ. ತರಗತಿಯ ಕೋಣೆಯಲ್ಲಿ, ಮೈಕ್ ಇಲ್ಲದೆ, ಒಂದು ಪೀರಿಯಡ್ಡಿನಲ್ಲಿ ಹೇಳುವುದೇ ಒಳ್ಳೆಯದು. ತಡೆಯ ನಡುವೆ ರಸ್ತೆಯಲ್ಲಿ ಲಾರಿ ಹೋದರೆ ಅದು ದಾಟುವ ತನಕ ಕಾದು, ಹಿಂದಿನ ವಾಕ್ಯವನ್ನು ಇನ್ನೊಮ್ಮೆ ಹೇಳಿ ಮತ್ತೆ ನಿಂತರಾಯಿತು.

ನಂತರದ ದಿನಗಳನ್ನು ತಗ್ಗಿದ ದನಿಯಲ್ಲಿ ಹೇಳಬಹುದು. ಊರಿಗೆ ಪಡೆ ಬಂತು, ಗಂಡಸರು ಕಾಡು ಸೇರಿದರು, ಮನೆಗಳು ಲೂಟಿಯಾದವು, ಉಳಿದ ಹೆಂಗಸರು, ಮಕ್ಕಳು ಹಿಂಸೆ ಉಂಡರು. ಮೊಕದ್ದಮೆ ನಡೆಯಿತು, ಹೆಂಗಸರಿಗೂ ಜೈಲಾಯಿತು. ಐವರಿಗೆ ಗಲ್ಲು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ, 1943ರ ಮಾರ್ಚಿನಲ್ಲಿ, ಮೂರು ದಿನಗಳಲ್ಲಿ. ಆ ಜೈಲಿನ ಜಾಗ ಈಗ ಫ್ರೀಡಂ ಪಾರ್ಕ್. ಬೆಂಗಳೂರಿನ ಶಾಲೆಯಾದರೆ ಇದನ್ನು ಹೇಳಲೇಬೇಕು, ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಬಂದ ಮಗು ತರಗತಿಯಲ್ಲಿ ಒಬ್ಬರಾದರೂ ಇರುತ್ತಾರೆ.

ಹೆಸರುಗಳನ್ನು ಪಟ್ಟಿ ಓದಿದಂತೆ ಓದಿದರೆ ಯಾವುದೂ ನಿಲ್ಲುವುದಿಲ್ಲ. ದಿನಕ್ಕೆ ಕಟ್ಟಿ ಹೇಳಿದರೆ ತಡೆ ತಾನಾಗಿ ಬರುತ್ತದೆ: ‘ಮಾರ್ಚ್ 8. ಗುರಪ್ಪ, | ಜೀನಹಳ್ಳಿ ಮಲ್ಲಪ್ಪ. || ಮಾರ್ಚ್ 9. ಸೂರ್ಯನಾರಾಯಣಾಚಾರ್, | ಬಡಕಳ್ಳಿ ಹಾಲಪ್ಪ. || ಮಾರ್ಚ್ 10. ಗೌಡ್ರು ಶಂಕರಪ್ಪ.’ ಇಲ್ಲೊಂದು ಎಡವು ಕಾದಿದೆ. ಸಬ್‌ಇನ್‌ಸ್ಪೆಕ್ಟರ್ ಆಗಿದ್ದ ಹುಡುಗನ ಹೆಸರೂ ಮಲ್ಲಪ್ಪ. ಎರಡನ್ನೂ ಬರೀ ‘ಮಲ್ಲಪ್ಪ’ ಎಂದುಬಿಟ್ಟರೆ, ಆ ಮೌನದಲ್ಲಿ ಮಕ್ಕಳು ಹುಡುಗನನ್ನೇ ಗಲ್ಲಿಗೇರಿಸಿದರೆಂದು ತಿಳಿಯುತ್ತಾರೆ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ತಪ್ಪು ಹಾಗೇ ಮನೆಗೆ ಹೋಗುತ್ತದೆ. ಊರಿನ ಹೆಸರು ಸೇರಿಸಿಯೇ ಹೇಳಬೇಕು, ಮೊದಲಲ್ಲಿ ಹುಡುಗನನ್ನು ‘ಪುಟ್ಟ ಮಲ್ಲಪ್ಪ’ ಎಂದು ಕರೆದಿಟ್ಟರೆ ಇನ್ನೂ ಸಲೀಸು.

‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆಯನ್ನು ಎಲ್ಲಿಡುವುದು? ಬಹಳಷ್ಟು ಜನ ಕೊನೆಗೆ, ಐದು ಹೆಸರುಗಳ ಬೆನ್ನಿಗೇ ಕೂಗಿಸುತ್ತಾರೆ. ಮಕ್ಕಳು ಸಂತೋಷದಿಂದ ಕಿರುಚುತ್ತಾರೆ, ಹೆಸರುಗಳು ಅಲ್ಲಿಗೆ ಅಳಿಸಿಹೋಗುತ್ತವೆ. ನನಗೆ ಕೇಳಿದರೆ ಅದರ ಜಾಗ ಬಾವುಟ ಏರಿದಲ್ಲಿ. ಹೇಳುವವರು ‘ಏಸೂರು ಕೊಟ್ಟರೂ’ ಎಂದು ನಿಲ್ಲಿಸಿದರೆ ಉಳಿದರ್ಧ ಮಕ್ಕಳಿಂದಲೇ ಬರುತ್ತದೆ. ಕಥೆಗೆ ಬೇಕಾದ ಗದ್ದಲವೆಲ್ಲ ಅಲ್ಲೇ ಮುಗಿಯಲಿ.

ಹೆಸರುಗಳಾದ ಮೇಲೆ ಹತ್ತು ನಿಮಿಷ ಪ್ರಶ್ನೆಗೆ ಬಿಡಬೇಕು. ಮೊದಲ ಪ್ರಶ್ನೆ ಬಹುತೇಕ ‘ಅಮಲ್ದಾರರನ್ನ ಹೊಡೆದದ್ದು ತಪ್ಪಲ್ವಾ ಸಾರ್?’ ಎಂದಿರುತ್ತದೆ. ಆಗ ಮೇಷ್ಟರು ‘ದೇಶಕ್ಕಾಗಿ ಮಾಡಿದ್ದು’ ಎಂದು ಬಾಯಿ ಮುಚ್ಚಿಸಲು ಮುಂದಾಗುವುದುಂಟು. ಬೇಡ. ಆ ದಿನಗಳಲ್ಲಿ ಗಾಂಧೀಜಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದರು, ಹಿರಿಯ ಮುಖಂಡರು ಹೆಚ್ಚಿನವರು ಜೈಲಿನಲ್ಲಿದ್ದರು, ಹೊಡೆಯಬೇಡಿ ಎಂದು ತಡೆಯಬಲ್ಲವರು ಹೊರಗಿರಲಿಲ್ಲ. ಮುಂಬಯಿಯ ಆಗಸ್ಟ್ 8ನ್ನು ಹೇಳುವ ಸಮಯ ಇದು. ಮಗು ಈಗ ಅದನ್ನು ತಾನಾಗಿ ಕೇಳಿದೆ, ಆದ್ದರಿಂದ ಅಧಿವೇಶನವನ್ನೂ ನಿರ್ಣಯವನ್ನೂ ಕೇಳಿಸಿಕೊಳ್ಳುತ್ತದೆ. ಗಂಟೆ ಹೊಡೆದರೆ ಉಳಿದದ್ದನ್ನು ಮರುದಿನದ ಪೀರಿಯಡ್ಡಿಗೆ ಇಟ್ಟುಕೊಳ್ಳಬಹುದು.