ಕೈ ಆಡಿದರೆ ಓಡುವ ಕ್ವಾರ್ಟ್ಜ್ ವಾಚು

ಸೀಕೊ ಕಂಪನಿಯ ಕೈನೆಟಿಕ್ ವಾಚನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿರ್ರೆನ್ನುವ ಸಣ್ಣ ಸದ್ದು ಕೇಳುತ್ತದೆ. ಅದು ವಿದ್ಯುತ್ತು ಹುಟ್ಟುತ್ತಿರುವ ಸದ್ದು. 1986ರ ಬಾಸೆಲ್ ಮೇಳದಲ್ಲಿ ಇದರ ಮಾದರಿಯನ್ನು ತೋರಿಸಿದರು, 1988ರಲ್ಲಿ ವಾಚು ಮಾರುಕಟ್ಟೆಗೆ ಬಂತು. ಇದರಲ್ಲಿ ಸಮಯ ಅಳೆಯುವುದು ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳು. ಆ ಹರಳಿಗೆ ಶಕ್ತಿ ಸಿಗುವುದು ಮಾತ್ರ ಕಟ್ಟಿಕೊಂಡವರ ಕೈಯಿಂದ.

ಸಾಮಾನ್ಯ ಆಟೋಮ್ಯಾಟಿಕ್ ವಾಚಿನಂತೆ ಇದರಲ್ಲೂ ಅರ್ಧಚಂದ್ರಾಕಾರದ ಒಂದು ತೂಕವಿದೆ. ಆಟೋಮ್ಯಾಟಿಕ್‌ನಲ್ಲಿ ಆ ತೂಕ ಸ್ಪ್ರಿಂಗನ್ನು ಸುತ್ತುತ್ತದೆ. ಇಲ್ಲಿ ಅದು ಹಲ್ಲುಚಕ್ರಗಳ ಮೂಲಕ ಪುಟ್ಟದೊಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಚಕ್ರಗಳು ವೇಗವನ್ನು ಎಷ್ಟು ಹೆಚ್ಚಿಸುತ್ತವೆಂದರೆ, ಅಯಸ್ಕಾಂತ ನಿಮಿಷಕ್ಕೆ 1 ಲಕ್ಷ ಸುತ್ತಿನವರೆಗೂ ಹೋಗಬಲ್ಲದು. ಪಕ್ಕದಲ್ಲೇ ತಾಮ್ರದ ತಂತಿಯ ಸುರುಳಿ. ಕಾಂತಕ್ಷೇತ್ರ ಬದಲಾದಾಗಲೆಲ್ಲ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಹಳೆಯ ಸೈಕಲ್ಲಿನ ಡೈನಮೊ ದೀಪ ಹೊತ್ತಿಸುತ್ತಿದ್ದದ್ದೂ ಹೀಗೆಯೇ.

ಈ ವಿದ್ಯುತ್ತನ್ನು ಕೂಡಿಡಲು ಮೊದಲ ಮಾದರಿಗಳಲ್ಲಿ ಕೆಪಾಸಿಟರ್ ಇತ್ತು. ಅದರಲ್ಲಿ ಕೆಲವೇ ದಿನಗಳಿಗೆ ಸಾಲುವಷ್ಟು ಶಕ್ತಿ ಹಿಡಿಯುತ್ತಿತ್ತು, ವಯಸ್ಸಾದಂತೆ ಅದೂ ಕುಗ್ಗುತ್ತಿತ್ತು. ಮುಂದೆ ಅದರ ಜಾಗಕ್ಕೆ ಚಾರ್ಜ್ ಆಗುವ ಸೆಲ್ ಬಂತು. ವಾಚು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಹರಳು ಕಂಪಿಸುತ್ತದೆ, ಮುಳ್ಳು ನಡೆಯುತ್ತದೆ. ಖರ್ಚು ನಿಲ್ಲುವುದಿಲ್ಲ, ಆದಾಯ ಮಾತ್ರ ನಿಂತಿರುತ್ತದೆ.

5ಎಂ62 ಎಂಬ ಯಂತ್ರವಿರುವ ವಾಚನ್ನೇ ನೋಡೋಣ. ಪೂರ್ತಿ ತುಂಬಿದ್ದರೆ ಸುಮಾರು ಆರು ತಿಂಗಳು ಓಡುತ್ತದೆ. ಒಳಗೆಷ್ಟು ಉಳಿದಿದೆಯೆಂದು ಅದನ್ನೇ ಕೇಳಬಹುದು: 2 ಗಂಟೆಯ ಬಳಿಯ ಗುಂಡಿ ಒತ್ತಿದರೆ ಸೆಕೆಂಡಿನ ಮುಳ್ಳು ಸರ್ರನೆ ಮುಂದೋಡುತ್ತದೆ. 5 ಸೆಕೆಂಡು ಓಡಿದರೆ ಒಂದು ದಿನಕ್ಕಾದರೂ ಸಾಕು, 10 ಆದರೆ ವಾರ, 20 ಆದರೆ ತಿಂಗಳು, 30 ಆದರೆ ನಾಲ್ಕು ತಿಂಗಳಿಗೂ ಹೆಚ್ಚು. ಶಕ್ತಿ ತೀರುತ್ತ ಬಂದಾಗ ಮುಳ್ಳು ಎರಡು ಸೆಕೆಂಡಿಗೊಮ್ಮೆ ಜಿಗಿಯುತ್ತದೆ. ಈ ಎಚ್ಚರಿಕೆ ನನಗೆ ಬಹಳ ಮೆಚ್ಚುಗೆ, ಏಕೆಂದರೆ ವಾಚು ಆಗಲೂ ತಪ್ಪು ಸಮಯ ತೋರಿಸುವುದಿಲ್ಲ.

ಬೀರುವಿನಲ್ಲಿ ಎಂಟು ತಿಂಗಳಿಟ್ಟರೆ ಅದು ನಿಂತೇ ಇರುತ್ತದೆ, ಅದು ಕೆಟ್ಟಿತೆಂದಲ್ಲ. ಅಕ್ಕಪಕ್ಕಕ್ಕೆ ಒಂದೇ ಲಯದಲ್ಲಿ ಸುಮಾರು 200 ಸಲ ತೂಗಿದರೆ ಮುಳ್ಳು ಮತ್ತೆ ಸೆಕೆಂಡಿಗೊಂದು ಹೆಜ್ಜೆ ಇಡತೊಡಗುತ್ತದೆ. ಸಮಯ ಹೊಂದಿಸಿ ಕೈಗೆ ಕಟ್ಟಿಕೊಂಡು ಓಡಾಡಿದರೆ ಉಳಿದದ್ದು ತುಂಬುತ್ತದೆ.

ದಿನವಿಡೀ ಕಟ್ಟಿಕೊಂಡ ವಾಚು ರಾತ್ರಿ ಬಿಚ್ಚಿಟ್ಟು ಬೆಳಗಾಗುವಷ್ಟರಲ್ಲಿ ನಿಂತರೆ, ಹೆಚ್ಚಾಗಿ ಕೂಡಿಡುವ ಸೆಲ್ ಸೋತಿರುತ್ತದೆ, ಅದನ್ನು ಬದಲಿಸಬೇಕು. ಅಂಗಡಿಯಲ್ಲಿ ಮಾಮೂಲಿ ಸಿಲ್ವರ್ ಆಕ್ಸೈಡ್ ಸೆಲ್ ಹಾಕಲು ಮಾತ್ರ ಬಿಡಬೇಡಿ. ಅದು ಚಾರ್ಜ್ ಆಗುವ ಸೆಲ್ ಅಲ್ಲ. ಕೈ ಆಡಿದಾಗಲೆಲ್ಲ ವಿದ್ಯುತ್ತು ಅದರೊಳಗೆ ನುಗ್ಗಿ, ಬಿಸಿಯಾಗಿ ಒಡೆಯುವ ಅಪಾಯವಿದೆ.