ಯಾವ ಸೇರು?

ನಮ್ಮ ಮನೆಯ ಅಡುಗೆ ಪುಸ್ತಕಕ್ಕೆ ಮೂರು ಕೈಗಳ ಬರಹವಿದೆ. ಮೊದಲಿನದು ನಮ್ಮತ್ತೆಯ ಅತ್ತೆಯದು, ನಡುವಿನದು ನಮ್ಮತ್ತೆಯದು, ಕೊನೆಯ ಹತ್ತು ಹಾಳೆ ನನ್ನದು. ರುಚಿ ತಾಯಿಯಿಂದ ಮಗಳಿಗೆ ಬರುತ್ತದೆ ಅನ್ನುವುದು ವಾಡಿಕೆಯ ಮಾತು. ನಮ್ಮಲ್ಲಿ ಅದು ಅತ್ತೆಯಿಂದ ಸೊಸೆಗೆ ಬಂದಿದೆ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಮನೆಯ ಸಾರು ಕಲಿತರು, ಹೊರಗಿನಿಂದ ಬಂದ ನಾವು ಈ ಮನೆಯದನ್ನು ಉಳಿಸಿಕೊಂಡೆವು. ಈಗ ಅದನ್ನೆಲ್ಲ ಸೇರಿಸಿ ಒಂದು ಅಚ್ಚುಕಟ್ಟಾದ ಪುಸ್ತಕ ಮಾಡೋಣವೆಂದು ಹೊರಟಾಗ ಮೊದಲ ಪುಟದಲ್ಲೇ ಮುಗ್ಗರಿಸಿದೆ. ಆ ಪುಟದಲ್ಲಿದ್ದದ್ದು ಸಾರಿನ ಪುಡಿ.

ಬರೆದಿದ್ದದ್ದು ಇಷ್ಟೇ: ‘ಧನಿಯ 1 ಸೇರು, ಮೆಣಸಿನಕಾಯಿ ಅರ್ಧ ಸೇರು, ಜೀರಿಗೆ 1 ಪಾವು, ಮೆಣಸು ಅರ್ಧ ಪಾವು, ಮೆಂತ್ಯ ಕಾಲು ಪಾವು, ಕರಿಬೇವು ಎರಡು ಹಿಡಿ, ಇಂಗು.’ ಹುರಿಯುವ ಮಾತೇ ಇಲ್ಲ. ಹುರಿಯಬೇಕೆಂದು ಗೊತ್ತಿಲ್ಲದವರು ಇದನ್ನು ಓದುತ್ತಾರೆಂದು ಆಕೆ ಎಣಿಸಿರಲಿಲ್ಲ.

ಸೇರೆಂದರೆ 80 ತೊಲ, ಒಂದು ತೊಲ 11.66 ಗ್ರಾಂ, ಅಲ್ಲಿಗೆ ಸೇರು 933 ಗ್ರಾಂ. ಶಾಲೆಯಲ್ಲಿ ಕಲಿತದ್ದು ಉಪಯೋಗಕ್ಕೆ ಬಂತೆಂದು ಹಿಗ್ಗಿ, ಎಲ್ಲವನ್ನೂ ಕಾಲು ಭಾಗಕ್ಕಿಳಿಸಿ ಧನಿಯ 233 ಗ್ರಾಂ, ಮೆಣಸಿನಕಾಯಿ 117 ಗ್ರಾಂ ತೂಗಿ ಪುಡಿ ಮಾಡಿದೆ. ಸಾರು ಮಾಡಿ ನೋಡಿದರೆ ಬಣ್ಣವಿಲ್ಲ, ಖಾರವಿಲ್ಲ, ತಳದಲ್ಲಿ ಗಸಿ. ಬಾಯಿತುಂಬ ಧನಿಯ. ಅಳತೆಯಂತೆಯೇ ಮಾಡಿದ್ದೇನಲ್ಲ ಎಂದು ಪುಸ್ತಕ ತೋರಿಸಿದರೆ ಅತ್ತೆ ನಕ್ಕರು. ‘ಮೆಣಸಿನಕಾಯೀನ ಯಾರಾದ್ರೂ ಪಾವಲ್ಲಿ ಅಳೀತಾರೇನೇ? ಅದು ತೂಕ. ಧನಿಯ ಅಳತೆ.’

ಒಂದೇ ಸಾಲಿನಲ್ಲಿ ಎರಡು ಸೇರುಗಳಿದ್ದವು! ಒಂದು ತಕ್ಕಡಿಯ ಸೇರು, ಇನ್ನೊಂದು ಪಾತ್ರೆಯ ಸೇರು. ಕಾಳುಕಡ್ಡಿಯನ್ನು ಪಾವು ಸೇರುಗಳಲ್ಲಿ ತುಂಬಿ ಅಳೆಯುತ್ತಿದ್ದರು. ಒಣಮೆಣಸಿನಕಾಯಿ ಪಾತ್ರೆಯಲ್ಲಿ ಕೂರುವುದಿಲ್ಲ, ಅರ್ಧ ಗಾಳಿಯೇ ತುಂಬಿಕೊಳ್ಳುತ್ತದೆ. ಹಾಗಾಗಿ ಅದು ತೂಕಕ್ಕೆ. ಆ ಕಾಲದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು, ಬರೆಯುವ ಅಗತ್ಯವೇ ಇರಲಿಲ್ಲ. ಇದರ ಜೊತೆಗೆ ಅಳತೆಯ ಸೇರು ಊರಿಂದ ಊರಿಗೆ ಬೇರೆ. ಆದ್ದರಿಂದ ಹಳೆಯ ಪುಸ್ತಕ ಕೈಗೆ ಬಂದರೆ ಪರಿವರ್ತನೆಯ ಪಟ್ಟಿ ಹುಡುಕುವುದಕ್ಕಿಂತ ಅಟ್ಟ ಹುಡುಕುವುದು ಮೇಲು. ಬೇಕಾದದ್ದು ಆ ಮನೆಯ ಪಾವು.

ನಮ್ಮ ಹಿತ್ತಾಳೆಯ ಪಾವು ದೇವರಮನೆಯಲ್ಲಿ ಅಕ್ಷತೆ ತುಂಬಿಕೊಂಡು ಕೂತಿತ್ತು. ಅದನ್ನು ತೊಳೆದು ಒರೆಸಿ, ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, ಕಂಠಮಟ್ಟ ನೀರು ತುಂಬಿದೆ. 245 ಗ್ರಾಂ. ನೀರಾದ್ದರಿಂದ 245 ಮಿಲಿಲೀಟರ್ ಎಂದೇ ಲೆಕ್ಕ. ಅದೇ ಪಾವಿಗೆ ಧನಿಯ ತುಂಬಿ ತಲೆ ಸವರಿದರೆ ಬರೀ 85 ಗ್ರಾಂ ಬಂತು. ನಾಲ್ಕು ಪಾವಿನ ಸೇರಿಗೆ 340 ಗ್ರಾಂ. ನಾನು ಲೆಕ್ಕ ಹಿಡಿದಿದ್ದು 933! ಜೀರಿಗೆ ಪಾವಿಗೆ 105 ಗ್ರಾಂ, ಮೆಣಸು ಅರ್ಧ ಪಾವಿಗೆ 65, ಮೆಂತ್ಯ ಕಾಲು ಪಾವಿಗೆ 45. ಮೆಣಸಿನಕಾಯಿಯೊಂದು ಮಾತ್ರ ತಕ್ಕಡಿಯ ಅರ್ಧ ಸೇರು, ಅಂದರೆ 466 ಗ್ರಾಂ. ಧನಿಯಕ್ಕಿಂತ ಮೆಣಸಿನಕಾಯಿಯೇ ಹೆಚ್ಚು. ಅತ್ತೆಯ ಸಾರಿನ ಕೆಂಪು ಎಲ್ಲಿಂದ ಬಂತೆಂದು ಗೊತ್ತಾಯಿತು.

ಇಷ್ಟೊಂದು ಹಾಕಿದರೂ ನಾಲಿಗೆ ಸುಡದಿರುವುದಕ್ಕೆ ಕಾರಣ ಅದು ಬ್ಯಾಡಗಿ. ಬಣ್ಣ ಹೆಚ್ಚು, ಖಾರ ಕಡಿಮೆ. ಪುಸ್ತಕದಲ್ಲಿ ಆ ಹೆಸರಿಲ್ಲ. ಯಾರೋ ಗುಂಟೂರು ಮೆಣಸಿನಕಾಯಿಯನ್ನು ಇದೇ ತೂಕಕ್ಕೆ ಹಾಕಿದರೆ ಸಾರು ಉಣ್ಣಲಾಗುವುದಿಲ್ಲ. ಹೊಸ ಪ್ರತಿಯಲ್ಲಿ ಹೆಸರು ಸೇರಿಸಿದ್ದೇನೆ, ಅದು ನಾನು ಸೇರಿಸಿದ್ದೆಂದು ಪಕ್ಕದಲ್ಲಿ ಗುರುತನ್ನೂ ಹಾಕಿದ್ದೇನೆ.

ಯಾವ ಪುಟ ಯಾವ ಕಾಲದ್ದು ಎಂಬುದನ್ನೂ ಇಂಥ ಸಣ್ಣ ಗುರುತುಗಳಿಂದಲೇ ಹಿಡಿಯಬೇಕಾಯಿತು. ಹಿಂದಿನ ರಟ್ಟಿನ ಒಳಗೆ ಹಾಲಿನವನ ಲೆಕ್ಕ ಆಣೆಗಳಲ್ಲಿದೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ತೂಕದ ಮೆಟ್ರಿಕ್ ಕಾಯ್ದೆ 1956ರದು, ಗ್ರಾಂ ಅಂಗಡಿಗೆ ಇಳಿದದ್ದು ಆಮೇಲೆ ಹಂತಹಂತವಾಗಿ. ಅತ್ತೆಯ ಕೈಬರಹದ ಮೊದಲ ಹಾಳೆಗಳಲ್ಲೂ ಸೇರೇ ಇದೆ, ಆರನೆಯ ಹಾಳೆಯಲ್ಲಿ ಥಟ್ಟನೆ ‘ಕಾಲು ಕೆ.ಜಿ. ರವೆ’ ಎಂದು ಬರುತ್ತದೆ. ಹಾಗಂತ ಹಳೆಯದೆಲ್ಲ ಅನಾದಿಯದು ಎಂದುಕೊಳ್ಳುವುದು ಬೇಡ. ಮೂರನೆಯ ಮಂಗರಸ ಸೂಪಶಾಸ್ತ್ರ ಬರೆದ 1508ರಲ್ಲಿ ನಮ್ಮ ಅಡುಗೆಮನೆಗೆ ಮೆಣಸಿನಕಾಯಿಯೇ ಬಂದಿರಲಿಲ್ಲ. ಖಾರವೆಂದರೆ ಮೆಣಸು. ಅದಕ್ಕೇ ‘ನಮ್ಮ ವಂಶದ ಮೂಲ ಪಾಕ’ ಎಂಬ ತಲೆಬರಹ ಕೊಡಬೇಕೆಂದ ಮೈದುನನ ಸಲಹೆಯನ್ನು ನಯವಾಗಿ ಪಕ್ಕಕ್ಕಿಟ್ಟೆ.

ಪುಸ್ತಕದಲ್ಲಿ ಇಲ್ಲದ್ದು ಅತ್ತೆಯ ಕೈಯಲ್ಲಿತ್ತು. ಕೈಯನ್ನು ಅಳೆಯುವುದು ಹೇಗೆ? ‘ಅಮ್ಮ, ಹಾಕೋ ಮುಂಚೆ ಈ ಚಮಚದಲ್ಲಿ ತುಂಬಿ’ ಎಂದರೆ ಅವರ ಕೈಯೇ ಕಟ್ಟಿಹೋಗುತ್ತದೆ. ಒಮ್ಮೆ ಹಾಗೆ ಕೇಳಿ ಉಪ್ಪಿಲ್ಲದ ಸಾರು ಉಂಡೆವು. ಆಮೇಲೆ ಅವರನ್ನು ಅವರ ಪಾಡಿಗೆ ಬಿಟ್ಟು ಡಬ್ಬಿಯನ್ನು ತೂಗಿದೆ. ಅಡುಗೆಗೆ ಮುಂಚೆ ಉಪ್ಪಿನ ಡಬ್ಬಿ ಎಷ್ಟಿತ್ತು, ಆಮೇಲೆ ಎಷ್ಟಿದೆ? ವ್ಯತ್ಯಾಸವೇ ಅವರು ಹಾಕಿದ್ದು. ಬೆಲ್ಲಕ್ಕೂ ಹುಣಸೆಗೂ ಎಣ್ಣೆಗೂ ಇದೇ. ಒಂದೇ ಸಾರನ್ನು ಮೂರು ದಿನ ಹೀಗೆ ತೂಗಿದಾಗ ಉಪ್ಪು 14, 17, 15 ಗ್ರಾಂ ಬಂತು. ಕಣ್ಣಂದಾಜು ಎನ್ನುವುದು ಎಷ್ಟು ಬಿಗಿಯಾದ ಅಳತೆ ನೋಡಿ. ಇಂಗಿನ ಮುಂದೆ ಮಾತ್ರ ಈ ಉಪಾಯ ಸೋತಿತು. ಒಂದೊಂದು ಗ್ರಾಮಿಗೆ ಅಂಕಿ ಬದಲಿಸುವ ತಕ್ಕಡಿಗೆ ಚಿಟಿಕೆ ಕಾಣುವುದಿಲ್ಲ. ಅಲ್ಲಿ ‘ಕಡಲೆಕಾಳಿನಷ್ಟು’ ಎಂದೇ ಬಿಟ್ಟಿದ್ದೇನೆ.

ತೂಕ ಸಿಕ್ಕಿತೆಂದು ಅಡುಗೆ ಸಿಕ್ಕಿದಂತಲ್ಲ ಎಂಬುದು ತಿಳಿದದ್ದು ಪರೀಕ್ಷೆಗೆ ಕೊಟ್ಟಾಗ. ಸೊಸೆಯ ತಂಗಿ ಧಾರವಾಡದವಳು, ನಮ್ಮ ಮನೆಯ ಸಾರು ಉಂಡವಳಲ್ಲ. ಅವಳಿಗೆ ಬರೀ ಹಾಳೆ ಕಳಿಸಿ, ಅನುಮಾನ ಬಂದರೆ ಮಾತ್ರ ಫೋನ್ ಮಾಡು ಎಂದೆ. ಅವಳು ಕೇಳಿದ್ದೆಲ್ಲ ಹಾಳೆಯಲ್ಲಿ ಬಿಟ್ಟುಹೋದ ಸಾಲುಗಳೇ. ‘ಅತ್ತಿ, ಮೆಂತ್ಯೆ ಕೆಂಪಗ ಹುರಿ ಅಂತ ಬರ್ದೀರಿ, ಎಷ್ಟ್ ಕೆಂಪಗ?’ ಅತ್ತೆಯನ್ನು ಕೇಳಿದೆ. ಬೆಲ್ಲದ ಬಣ್ಣ ಬಂದು ಘಮ ಎದ್ದ ಕೂಡಲೇ ಬಾಣಲೆಯಿಂದ ಸುರಿಯಬೇಕು, ಒಲೆ ಆರಿಸಿದರೆ ಸಾಲದು, ಬಿಸಿಯಲ್ಲೇ ಕಪ್ಪಾಗಿ ಪುಡಿಯೆಲ್ಲ ಕಹಿಯಾಗುತ್ತದೆ ಎಂದರು. ಮೆಣಸಿನಕಾಯಿಗೆ ನಾಲ್ಕು ತೊಟ್ಟು ಹರಳೆಣ್ಣೆ ಸವರಿ ಹುರಿದು ಆರಿದ ಮೇಲೆ ಮುರಿದು ನೋಡಬೇಕು. ಚಟ್ಟೆಂದರೆ ಸರಿ. ಬಗ್ಗಿದರೆ ಒಳಗೆ ಪಸೆ ಉಳಿದಿದೆ, ಪುಡಿ ಗಂಟುಕಟ್ಟುತ್ತದೆ. ಇದನ್ನೆಲ್ಲ ಅತ್ತೆ ಹೇಳಿದ ಮಾತಿನಲ್ಲೇ ಬರೆದುಕೊಂಡೆ, ಗ್ರಂಥದ ಭಾಷೆಗೆ ತಿರುಗಿಸಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಮನೆಯಲ್ಲಿ ಜಗಳವಾಯಿತು. ದೊಡ್ಡತ್ತೆಯ ಪುಡಿಗೆ ಸಾಸಿವೆಯಿಲ್ಲ, ನಮ್ಮತ್ತೆ ಎರಡು ಚಮಚ ಹುರಿದು ಹಾಕುತ್ತಾರೆ. ಯಾವುದು ಸರಿ? ಎರಡನ್ನೂ ಬೆರೆಸಿ ಮೂರನೆಯದೊಂದನ್ನು ಅಚ್ಚುಮಾಡಿದರೆ ಅದು ಯಾರೂ ಎಂದೂ ಮಾಡದ ಪುಡಿಯಾಗುತ್ತದೆ. ಎದುರುಬದುರು ಪುಟಗಳಲ್ಲಿ ಎರಡನ್ನೂ ಇಟ್ಟೆ. ಎಡಪುಟದಲ್ಲಿ ಹಳೆಯ ಹಾಳೆಯ ಫೋಟೊ, ಎಣ್ಣೆ ಕಲೆ ಸಮೇತ.

ಇನ್ನೂರಕ್ಕೂ ಮಿಕ್ಕಿ ಅಡುಗೆಗಳಲ್ಲಿ ಈವರೆಗೆ ತೂಗಿ, ಇನ್ನೊಬ್ಬರ ಕೈಯಲ್ಲಿ ಮಾಡಿಸಿ ನೋಡಿದ್ದು 31. ಪುಸ್ತಕಕ್ಕೆ ಅಷ್ಟೇ ಸಾಕು. ನಿಮ್ಮ ಮನೆಯಲ್ಲೂ ಇಂಥ ನೋಟ್‌ಬುಕ್ಕಿದ್ದರೆ, ಹಳೆಯ ಪಾವನ್ನು ಪಾತ್ರೆ ಅಂಗಡಿಗೆ ಹಾಕುವ ಮುಂಚೆ ಒಮ್ಮೆ ನೀರು ತುಂಬಿ ತೂಗಿ, ಬಂದ ಅಂಕಿಯನ್ನು ಮೊದಲ ಪುಟದಲ್ಲಿ ಬರೆದಿಡಿ.