ಪಾಠದಲ್ಲಿಲ್ಲದ ಮೂರನೇ ನಡೆ

ಮಲ್ಲೇಶ್ವರದ ಹುಡುಗಿಯೊಬ್ಬಳು ಇಟಾಲಿಯನ್ ಓಪನಿಂಗಿನ 12 ನಡೆ ಬಾಯಿಪಾಠ ಮಾಡಿದ್ದಾಳೆ ಅಂದುಕೊಳ್ಳಿ. ಬಿಳಿ ಅವಳದು. ಕಾಲಾಳು ಇ4, ಕುದುರೆ ಎಫ್3, ಒಂಟೆ ಸಿ4. ಎದುರಾಳಿ ಕಾಲಾಳನ್ನು ಇ5ಕ್ಕೆ, ಕುದುರೆಯನ್ನು ಸಿ6ಕ್ಕೆ ತಂದಿದ್ದಾನೆ. ಮೂರನೇ ನಡೆಗೆ ಅದೇ ಕುದುರೆ ಡಿ4ಕ್ಕೆ ಹಾರುತ್ತೆ. ಪಾಠದಲ್ಲಿ ಇದು ಇರಲೇ ಇಲ್ಲ!

ಇ5ರ ಕಾಲಾಳಿಗೆ ಈಗ ಕಾವಲಿಲ್ಲ. ಅವಳ ಕುದುರೆ ಅದನ್ನು ಹೊಡೆಯುತ್ತೆ. ಅಲ್ಲೇ ಬಲೆ. ಕಪ್ಪು ರಾಣಿ ಜಿ5ಕ್ಕೆ ಬಂದು ಆ ಕುದುರೆಗೂ ಜಿ2 ಕಾಲಾಳಿಗೂ ಒಟ್ಟಿಗೆ ಗುರಿಯಿಡುತ್ತೆ. ಇವಳು ಆಸೆಗೆ ಬಿದ್ದು ಕುದುರೆಯಿಂದ ಎಫ್7 ಹೊಡೆದರೆ ರಾಣಿ ಜಿ2 ತಿನ್ನುತ್ತೆ. ಆನೆ ಎಫ್1ಕ್ಕೆ ಸರಿಯುತ್ತೆ, ರಾಣಿ ಇ4 ಹೊಡೆದು ಚೆಕ್ ಕೊಡುತ್ತೆ. ಒಂಟೆ ಇ2ಕ್ಕೆ ಅಡ್ಡ ಬಂದರೆ, ಕುದುರೆ ಎಫ್3ಕ್ಕೆ. ಏಳನೇ ನಡೆಗೇ ಮೇಟ್.

ಈ ಬಲೆಯನ್ನೂ ಬಾಯಿಪಾಠ ಮಾಡಬೇಕಾ? ಬೇಡ. ಕುದುರೆ ಡಿ4ಕ್ಕೆ ಹಾರಿದಾಗಿನ ಬೋರ್ಡ್ ನೋಡಿ: ಕಪ್ಪು ಒಂದೇ ಕುದುರೆಯನ್ನು ಎರಡು ಸಲ ನಡೆಸಿದೆ, ಬೇರೆ ಯಾವ ಕಾಯಿಯೂ ಹೊರಬಂದಿಲ್ಲ. ನೀವು ಡಿ4ರ ಕುದುರೆಯನ್ನು ನಿಮ್ಮ ಕುದುರೆಯಿಂದ ಹೊಡೆಯಿರಿ. ಅವನ ಕಾಲಾಳು ತಿರುಗಿ ಹೊಡೆಯಲಿ, ನೀವು ಕ್ಯಾಸಲಿಂಗ್ ಮಾಡಿ. ನಿಮ್ಮ ರಾಜ ಭದ್ರ, ಒಂಟೆ ಹೊರಗೆ. ಅವನ ಕಾಯಿಗಳೆಲ್ಲ ಇನ್ನೂ ಮನೆಯಲ್ಲೇ.

ಮುಂದಿನ ಆಟದಲ್ಲಿ ಕ್ಯಾಸಲಿಂಗ್ ಆಗುವವರೆಗೂ, ಪ್ರತಿ ನಡೆಗೆ ಮುಂಚೆ ಕೇಳಿಕೊಳ್ಳಿ: ಇನ್ನೂ ಕದಲದ ಕಾಯಿ ಯಾವುದು?